ಎರಡನೇ ಕೋಣೆಯ ರಸೀದಿ

ಗ್ಯಾಸ್ಕೆಟ್ ಅಕ್ಕನನ್ನು ನಾನು ಮೊದಲ ಸಲ ನೋಡಿದ್ದು ಲೆಕ್ಕಪತ್ರ ವಿಭಾಗದ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು. ಕೆಲಸಕ್ಕೆ ಸೇರಿ ಇನ್ನೂ ಒಂದು ವಾರ ತುಂಬಿರಲಿಲ್ಲ. ಹೊಸಬಳಿಗೆ ಸಾಕು ಎಂದು ಕೊಟ್ಟಿದ್ದ ಆ ಮೇಜಿನ ಒಂದು ಕಾಲು ಕುಂಟುತ್ತಿತ್ತು. ಅದರಡಿ ರಟ್ಟು ಮಡಚಿಟ್ಟು, ಹಸಿರು ಪೆನ್ನು ಹಿಡಿದು, ಪ್ರವಾಸದ ಖರ್ಚಿನ ಹಾಳೆಗಳಿಗೆ ಟಿಕ್ ಹಾಕುವುದನ್ನು ಕಲಿಯುತ್ತಿದ್ದೆ. ಕೆಲಸ ಕಷ್ಟದ್ದೇನಲ್ಲ. ಹಾಳೆಯಲ್ಲಿ ನಾಲ್ಕು ಕಾಲಂ: ತಾರೀಖು, ಬಾಬ್ತು, ರಸೀದಿ ಸಂಖ್ಯೆ, ಮೊತ್ತ. ಪ್ರತಿ ಸಾಲಿಗೂ ಹಿಂದೆ ಲಗತ್ತಿಸಿದ ರಸೀದಿ ಇದೆಯೇ, ತಾರೀಖು ಹೊಂದುತ್ತದೆಯೇ, ಮೊತ್ತ ಅಷ್ಟೇ ಇದೆಯೇ ಎಂದು ನೋಡಬೇಕು. ಎಲ್ಲ ಸರಿಯಿದ್ದರೆ ಟಿಕ್. ಇಲ್ಲದಿದ್ದರೆ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ.

ತಲೆ ಎತ್ತಿದಾಗ ಎದುರಿಗೆ ಒಬ್ಬ ಹೆಂಗಸು ನಿಂತಿದ್ದಳು. ಎಡ ಹೆಗಲಿನಿಂದ ಸೊಂಟದವರೆಗೆ ಜನಿವಾರದ ಹಾಗೆ ಕೆಂಪು ರಬ್ಬರಿನ ಒಂದು ದೊಡ್ಡ ಬಳೆ ಇಳಿಬಿದ್ದಿತ್ತು. ನೀಲಿ ಕೆಲಸದಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದಳು. ಮುಂಗೈ ಮೇಲೆ ಹಳೆಯ ಸುಟ್ಟ ಗಾಯದ ನುಣುಪಾದ ಕಲೆ. ನಾನು ಆ ರಬ್ಬರನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ. ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನುಗಳನ್ನು ಹಬೆಯಲ್ಲಿ ಬೇಯಿಸುವ ಯಂತ್ರದ ಬಾಗಿಲಿಗೆ ಹಾಕುವ ಗ್ಯಾಸ್ಕೆಟ್ ಅದು, ಕೈಯಲ್ಲಿ ಹಿಡಿದರೆ ಮಡಚಿ ಹಾಳಾಗುತ್ತದೆ, ಅದಕ್ಕೇ ಹಾಕಿಕೊಂಡು ಓಡಾಡುತ್ತೇನೆ ಎಂದು ತಾನೇ ಹೇಳಿದಳು. ಹೇಳುತ್ತಲೇ ಒಂದು ಕವರನ್ನು ಮೇಜಿನ ಮೇಲಿಟ್ಟಳು.

ಅಂಥ ಅಚ್ಚುಕಟ್ಟಾದ ಹಾಳೆಯನ್ನು ನಾನು ಆವರೆಗೆ ನೋಡಿರಲಿಲ್ಲ. ಉಳಿದವರು ರಸೀದಿಗಳನ್ನು ಪುಡಿಕೆ ಕಟ್ಟಿ ಪಿನ್ ಹೊಡೆದು ಕೊಡುತ್ತಿದ್ದರು. ಇವಳು ಬಿಳಿ ಹಾಳೆಗಳ ಮೇಲೆ ತಾರೀಖಿನ ಪ್ರಕಾರ ಒಂದೊಂದನ್ನೇ ಅಂಟಿಸಿದ್ದಳು. ಪ್ರತಿಯೊಂದರ ಮೂಲೆಯಲ್ಲಿ ಕ್ರಮಸಂಖ್ಯೆ. ಟೋಲ್ ಚೀಟಿ, ಡೀಸೆಲ್ ಬಿಲ್ಲಿನಂಥ ಬೇಗ ಮಾಸುವ ಕಾಗದಗಳ ಪಕ್ಕದಲ್ಲಿ ಅವುಗಳ ಜೆರಾಕ್ಸ್ ಕೂಡ ಇತ್ತು. ನಾನು ಖುಷಿಯಿಂದ ಟಿಕ್ ಹಾಕುತ್ತ ಹೋದೆ. ಒಂದು ಕಡೆ ಕೈ ನಿಂತಿತು. ಒಂದೇ ತಾರೀಖಿಗೆ ಒಂದೇ ಲಾಡ್ಜಿನ ಎರಡು ರಸೀದಿ, ಒಂದರ ಹಿಂದೆ ಒಂದರಂತೆ ನಂಬರು. ಬಾಬ್ತು ಕಾಲಮ್ಮಿನಲ್ಲಿ ಮೊದಲನೆಯದಕ್ಕೆ ‘ವಸತಿ’, ಎರಡನೆಯದಕ್ಕೆ ‘ವಸತಿ, ಚಾಲಕ’ ಎಂದು ಬರೆದಿತ್ತು.

ಬಿಲ್ಲು ಎರಡು ಸಲ ಬಂದಿರಬೇಕು ಎಂದೆ.

“ಎರಡು ಸಲ ಬಂದಿಲ್ಲ ತಂಗಿ, ಎರಡು ಕೋಣೆ. ಒಂದರಲ್ಲಿ ನಾನು ಮಲಗಿದ್ದೆ, ಇನ್ನೊಂದರಲ್ಲಿ ಡ್ರೈವರಣ್ಣ ಮಲಗಿದ್ದ. ಒಳಗಡೆ ಸಾಹೇಬ್ರು ಅದನ್ನ ಹೊಡೆದುಹಾಕ್ತಾರೆ. ಅದು ಅವರ ಕೆಲಸ. ರಸೀದಿ ಇದ್ಯೋ ಇಲ್ವೋ ನೋಡಿ ಟಿಕ್ ಹಾಕೋದು ನಿನ್ನ ಕೆಲಸ. ಇದೆ ತಾನೇ?”

ಇತ್ತು. ಟಿಕ್ ಹಾಕಿದೆ.

ಅವಳು ಹೇಳಿದಂತೆಯೇ ಆಯಿತು. ಸಂಜೆಯ ಹೊತ್ತಿಗೆ ಹಾಳೆ ಲೆಕ್ಕಾಧಿಕಾರಿಗಳ ಕೋಣೆಯಿಂದ ಹೊರಗೆ ಬಂದಾಗ ಆ ಸಾಲಿನ ಮೇಲೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆಯಿತ್ತು. ಕೆಳಗೆ ಮೊತ್ತ ತಿದ್ದಿ ಅವರ ಸಣ್ಣ ಸಹಿ. ಕಚೇರಿಯಲ್ಲಿ ಎಲ್ಲರೂ ಅವರನ್ನು ಬೆನ್ನ ಹಿಂದೆ ಕತ್ತರಿ ಸಾಹೇಬರು ಎನ್ನುತ್ತಿದ್ದರು. ಹೆಸರಿಗೆ ತಕ್ಕಂತೆ ಅವರ ಮೇಜಿನ ಮೇಲೆ ಒಂದು ಕತ್ತರಿಯೂ ಇತ್ತು, ಆದರೆ ಅದರಿಂದ ಅವರು ಬರೀ ಲಕೋಟೆ ತೆರೆಯುತ್ತಿದ್ದರು.

ವಿಷಯ ಏನೆಂದು ನನಗೆ ಪಕ್ಕದ ಮೇಜಿನವರು ವಿವರಿಸಿದರು. ಹಬೆಯ ಯಂತ್ರಗಳನ್ನು ಮಾರಿ ರಿಪೇರಿಯನ್ನೂ ಮಾಡುವ ನಮ್ಮ ಕಂಪನಿಯ ನಿಯಮದಲ್ಲಿ ತಂತ್ರಜ್ಞರಿಗೂ ಮಾರಾಟ ವಿಭಾಗದವರಿಗೂ ವಸತಿ ಉಂಟು, ಇಂತಿಷ್ಟು ಮಿತಿಯೊಳಗೆ, ರಸೀದಿ ಕೊಟ್ಟರೆ. ಚಾಲಕರಿಗೆ ದಿನಭತ್ಯೆ ಮಾತ್ರ. ಅದು ಸಂಬಳದ ಜೊತೆಗೇ ಬರುತ್ತದೆ, ರಸೀದಿ ಬೇಡ. ಚಾಲಕ ವ್ಯಾನಿನಲ್ಲಿ ಮಲಗುತ್ತಾನೆ, ಸಾಮಾನಿಗೂ ಕಾವಲಾಯಿತು ಎನ್ನುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಪದ್ಧತಿಗೆ ಒಂದು ಒಳದಾರಿಯೂ ಇತ್ತು. ಮಾರಾಟದವರು ಚಾಲಕನಿಗೆ ಒಂದು ಚಿಕ್ಕ ಕೋಣೆ ಹಿಡಿದು, ಲಾಡ್ಜಿನವನಿಗೆ ಹೇಳಿ ಎರಡರ ಬಾಡಿಗೆಯನ್ನೂ ಒಂದೇ ಕೋಣೆಯ ಬಿಲ್ಲಿನಲ್ಲಿ ಏರಿಸಿ ಬರೆಸುತ್ತಿದ್ದರು. ಒಟ್ಟು ಮಿತಿಯೊಳಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕತ್ತರಿ ಸಾಹೇಬರಿಗೂ ಅದು ಗೊತ್ತಿತ್ತು. ಅವರು ಅಕ್ಕನಿಗೆ ಬಾಯಿಬಿಟ್ಟೇ ಹೇಳಿದ್ದರಂತೆ, ನೀನು ಹೋಗುವುದು ಅಗ್ಗದ ಲಾಡ್ಜಿಗೆ, ಎರಡು ಕೋಣೆ ಸೇರಿದರೂ ನಿನ್ನ ಒಬ್ಬಳ ಮಿತಿ ದಾಟುವುದಿಲ್ಲ, ಒಂದೇ ಬಿಲ್ ಮಾಡಿಸಿಕೊಂಡು ಬಾ, ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ ಎಂದು. ಅವಳು ಒಪ್ಪಿರಲಿಲ್ಲ. ಪ್ರತಿ ಪ್ರವಾಸಕ್ಕೂ ಎರಡು ರಸೀದಿ, ಎರಡು ಸಾಲು. ಪ್ರತಿ ಸಲವೂ ಎರಡನೆಯದರ ಮೇಲೆ ಕೆಂಪು ಗೆರೆ. ಆ ದುಡ್ಡು ಅವಳ ಕೈಯಿಂದ.

“ಗೋಡೆಗೆ ಹಣೆ ಚಚ್ಚಿಕೊಳ್ಳೋಕೂ ಒಂದು ಶಿಸ್ತು ಬೇಕು ನೋಡಿ,” ಎಂದು ಪಕ್ಕದ ಮೇಜಿನವರು ನಕ್ಕರು.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕಾಗದದಲ್ಲಿ ಬರೆದದ್ದೇ ಕೊನೆ ಎಂದು ನಂಬಿ ಬಂದವಳು. ಕಾಗದದಲ್ಲಿ ಸೋಲುತ್ತೇನೆಂದು ಗೊತ್ತಿದ್ದೂ ಪ್ರತಿ ಸಲ ಅಷ್ಟು ಚೆನ್ನಾಗಿ ಅಂಟಿಸಿ ತರುವವಳು ಎಂಥವಳು ಎಂದು ನನಗೆ ಕುತೂಹಲ ಹುಟ್ಟಿತು. ಊಟದ ಹೊತ್ತಿನಲ್ಲಿ ಅವಳ ಬಳಿ ಹೋಗಿ ಕೂರತೊಡಗಿದೆ. ವರ್ಕ್‌ಶಾಪಿನ ಹಿಂದೆ ಹಳೆಯ ಯಂತ್ರದ ಒಂದು ಉಕ್ಕಿನ ಬಾಗಿಲನ್ನು ಇಟ್ಟಿಗೆಗಳ ಮೇಲಿಟ್ಟು ಬೆಂಚು ಮಾಡಿದ್ದರು. ಬಿಸಿಲು ಬಿದ್ದರೆ ಕೂರಲಾಗದಷ್ಟು ಕಾಯುತ್ತಿತ್ತು. ಅವಳು ಮಾತ್ರ ಆರಾಮವಾಗಿ ಕೂರುತ್ತಿದ್ದಳು.

ಅವಳ ಬದುಕು ಅಲ್ಲಿ ತುಂಡು ತುಂಡಾಗಿ ಗೊತ್ತಾಯಿತು. ತಂದೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವರು. ಶಾಲೆ ಬಿಟ್ಟ ಮೇಲೆ ಅವರಿಗೆ ಬುತ್ತಿ ಒಯ್ಯುವಾಗ ಪಕ್ಕದ ಕೋಣೆಯ ಹಬೆಯ ಯಂತ್ರವನ್ನು ನೋಡುತ್ತ ನಿಲ್ಲುತ್ತಿದ್ದಳು. ಕೈಗಾರಿಕಾ ತರಬೇತಿ ಶಾಲೆಯ ಫಿಟ್ಟರ್ ತರಗತಿಗೆ ಸೇರಿದಾಗ ಅಲ್ಲಿದ್ದದ್ದು ಅವಳೊಬ್ಬಳೇ ಹುಡುಗಿ. ಗಂಡ ದರ್ಜಿ. ಮದುವೆಗೆ ನೋಡಲು ಬಂದವನು ಅವಳ ಮುಂಗೈ ಕಲೆ ಕಂಡು ಅಡುಗೆ ಮಾಡುವಾಗ ಆದದ್ದೇ ಎಂದು ಕೇಳಿದನಂತೆ. ಇಲ್ಲ, ಸೇಫ್ಟಿ ವಾಲ್ವ್ ಬಿಚ್ಚುವಾಗ, ತಪ್ಪು ನನ್ನದೇ, ಒತ್ತಡ ಇಳಿಯುವ ಮೊದಲೇ ಕೈ ಹಾಕಿದೆ ಎಂದಳಂತೆ. ತಪ್ಪು ತನ್ನದು ಎಂದು ಅಷ್ಟು ಸಲೀಸಾಗಿ ಹೇಳುವ ಹೆಣ್ಣನ್ನು ನೋಡಿರಲಿಲ್ಲ, ಅದಕ್ಕೇ ಒಪ್ಪಿದೆ ಎಂದು ಅವನು ಈಗಲೂ ಗಿರಾಕಿಗಳಿಗೆ ಹೇಳುತ್ತಾನೆ. ಅತ್ತೆಗೆ ಮಾತ್ರ ಸೊಸೆ ಅಂಡಲೆಯುವುದು ಮೊದಮೊದಲು ಹಿಡಿಸಿರಲಿಲ್ಲ. ಒಂದು ದಿನ ಆಕೆಗೇ ಆಪರೇಷನ್ ಆಯಿತು. ವಾರ್ಡಿನಲ್ಲಿ ಮಲಗಿಕೊಂಡು ನರ್ಸುಗಳಿಗೆಲ್ಲ ನಿಮ್ಮ ಕತ್ತರಿ ಚಾಕುಗಳನ್ನು ನನ್ನ ಸೊಸೆಯ ಯಂತ್ರದಲ್ಲೇ ಬೇಯಿಸಿದ್ದೀರಿ ತಾನೇ ಎಂದು ವಿಚಾರಿಸಿದಳಂತೆ.

ಚಾಲಕನ ಕೋಣೆಯ ಹಟ ಎಲ್ಲಿಂದ ಶುರುವಾಯಿತು ಎಂದು ನಾನೇ ಕೇಳಿದೆ.

ಕೆಲವು ವರ್ಷಗಳ ಹಿಂದೆ ದೂರದ ಒಂದು ಆಸ್ಪತ್ರೆಯ ಕೆಲಸ ಮುಗಿಸಿ ಹೊರಟಿದ್ದರು. ಹಿಂದಿನ ರಾತ್ರಿ ಡ್ರೈವರಣ್ಣ ವ್ಯಾನಿನ ಮುಂದಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು ಕಳೆದಿದ್ದ. ಗಾಜು ಇಳಿಸಿದರೆ ಸೊಳ್ಳೆ, ಏರಿಸಿದರೆ ಸೆಕೆ. ಬೆಳಿಗ್ಗೆ ಚೆನ್ನಾಗಿಯೇ ಓಡಿಸಿದ. ಬಿಸಿಲೇರಿದ ಮೇಲೆ, ನೆಟ್ಟಗಿನ ರಸ್ತೆಯಲ್ಲಿ, ಕಣ್ಣು ತೆರೆದೇ ನಿದ್ದೆಗೆ ಜಾರಿದ. ಅಕ್ಕ ಕೂಗುವಷ್ಟರಲ್ಲಿ ವ್ಯಾನು ರಸ್ತೆ ಬಿಟ್ಟಿತ್ತು. ಮೋರಿಯ ಕಟ್ಟೆಗೆ ಎಡಗಡೆಯ ಕನ್ನಡಿ ಬಡಿದು ಹಾರಿಹೋಯಿತು. ಇನ್ನು ಒಂದು ಗೇಣು ಆಚೆ ಹೋಗಿದ್ದರೆ ಅವಳು ಕೂತಿದ್ದ ಬಾಗಿಲಿಗೇ ಬಡಿಯುತ್ತಿತ್ತು. ಕಚೇರಿಯ ಲೆಕ್ಕದಲ್ಲಿ ಅದು ‘ವಾಹನ ದುರಸ್ತಿ, ಕನ್ನಡಿ’ ಎಂದು ದಾಖಲಾಯಿತು. ಡ್ರೈವರಣ್ಣ ರಸ್ತೆ ಬದಿಯಲ್ಲಿ ಕೂತು ತಲೆ ಮೇಲೆ ಕೈ ಹೊತ್ತು, ಇಷ್ಟು ವರ್ಷದ ಸರ್ವೀಸಿಗೆ ಮಸಿ ಬಳಿದುಕೊಂಡೆ ಎಂದು ಅತ್ತನಂತೆ. ಆ ಸಂಜೆಯೇ ಅಕ್ಕ ದಾರಿಯಲ್ಲಿ ಎರಡು ಕೋಣೆ ಹಿಡಿದಳು. ಅಂದಿನಿಂದ ಬಿಟ್ಟಿಲ್ಲ.

ಹಾಗಾದರೆ ಒಂದೇ ಬಿಲ್ ಮಾಡಿಸಿದರೇನು, ಅವನಿಗೆ ಹಾಸಿಗೆ ಸಿಕ್ಕರೆ ಆಯಿತಲ್ಲ ಎಂದೆ. ನನಗೆ ಅದು ಬುದ್ಧಿವಂತರ ಮಾತು ಎನ್ನಿಸಿತ್ತು.

ಅವಳು ಡಬ್ಬಿ ಮುಚ್ಚಿದಳು. “ನಾನು ಸುಳ್ಳು ಬಿಲ್ ಮಾಡಿಸಿದ್ರೆ ಅಣ್ಣಂಗೆ ಹಾಸಿಗೆ ಸಿಗುತ್ತೆ. ನಾನು ರಜಾ ಹಾಕಿದ ದಿನ? ಇನ್ನೊಬ್ಬ ಟೆಕ್ನಿಷಿಯನ್ ಹೋದ ದಿನ? ಕಾಗದದ ಪ್ರಕಾರ ಡ್ರೈವರ್‌ಗಳಿಗೆಲ್ಲ ವ್ಯಾನಲ್ಲೇ ಸೊಗಸಾಗಿ ನಿದ್ದೆ ಬರ್ತಿದೆ, ಯಾರಿಗೂ ಏನೂ ತೊಂದ್ರೆ ಇಲ್ಲ. ಆ ಸುಳ್ಳಿಗೆ ನನ್ನ ಕೈಯಿಂದ ರಸೀದಿ ಕೊಡಲ್ಲ.”



ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಕಾಗದದ ಹಾಳೆ ಹೋಗಿ ಕಂಪ್ಯೂಟರಿನ ಕೋಷ್ಟಕ ಬಂತು. ಅವೇ ನಾಲ್ಕು ಕಾಲಂ. ಆದರೆ ಬಾಬ್ತನ್ನು ಬರೆಯುವ ಹಾಗಿಲ್ಲ, ಪಟ್ಟಿಯಿಂದ ಆರಿಸಬೇಕು: ಪ್ರಯಾಣ, ಇಂಧನ, ಟೋಲ್, ವಸತಿ, ಊಟ, ಬಿಡಿಭಾಗ, ಇತರೆ. ಮೊತ್ತ ಹಾಕಿದರೆ ಒಟ್ಟು ತಾನಾಗಿಯೇ ಕೂಡಿಕೊಳ್ಳುತ್ತದೆ. ಪ್ರವಾಸಕ್ಕೆ ಮೊದಲು ಪಡೆದ ಮುಂಗಡವನ್ನು ಅದರಿಂದ ಕಳೆದು, ಉಳಿದದ್ದು ಕೊಡಬೇಕೋ ಬರಬೇಕೋ ಎಂದು ಕೆಳಗೆ ತೋರಿಸುತ್ತದೆ. ಆಮೇಲೆ ಮುದ್ರಿಸಿ, ಪ್ರವಾಸ ಹೋದವರು ಸಹಿ ಹಾಕಿ, ರಸೀದಿಗಳ ಜೊತೆ ಕೊಡಬೇಕು. ಸಹಿಯ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ: ‘ಮೇಲಿನದು ನನ್ನ ಪ್ರವಾಸದ ಖರ್ಚಿನ ನಿಜವಾದ ಮತ್ತು ಪೂರ್ಣ ವಿವರ.’

ಅಕ್ಕ ಎರಡನೇ ಕೋಣೆಯನ್ನು ‘ಇತರೆ’ ಎಂದು ಆರಿಸಿ, ಟಿಪ್ಪಣಿಯಲ್ಲಿ ‘ಚಾಲಕರ ವಸತಿ’ ಎಂದು ಟೈಪ್ ಮಾಡಿಸಿದಳು. ಕತ್ತರಿ ಸಾಹೇಬರು ನನ್ನ ಮೇಜಿಗೇ ಬಂದರು. ಒಪ್ಪದ ಮೊತ್ತ ಕೋಷ್ಟಕದಲ್ಲಿದ್ದರೆ ಒಟ್ಟು ತಪ್ಪು ತೋರಿಸುತ್ತದೆ, ಮೇಲಿನವರಿಗೆ ಹೋಗುವ ತಿಂಗಳ ವರದಿಯೂ ಕೆಡುತ್ತದೆ ಎನ್ನುತ್ತ ನನ್ನ ಭುಜದ ಮೇಲಿನಿಂದ ಬಾಗಿ ಮೌಸ್ ಹಿಡಿದರು. ಸಾಲನ್ನು ಆರಿಸಿದರು. ಒಂದು ಗುಂಡಿ ಒತ್ತಿದರು. ಕೆಳಗಿನ ಸಾಲುಗಳು ಮೇಲೆ ಸರಿದು ಜಾಗ ತುಂಬಿಕೊಂಡವು. ಒಟ್ಟು ತಾನೇ ಕಡಿಮೆಯಾಯಿತು. ಆ ತಾರೀಖಿಗೆ ಇನ್ನೊಂದು ಕೋಣೆ ಇತ್ತೆಂಬ ಸುಳಿವೇ ಉಳಿಯಲಿಲ್ಲ. ಅದನ್ನು ಮುದ್ರಿಸಿ ಅವಳ ಸಹಿ ತೆಗೆದುಕೋ ಎಂದು ಹೇಳಿ ಹೋದರು.

ಅಕ್ಕ ಮುದ್ರಿತ ಹಾಳೆಯನ್ನು ಎರಡು ಸಲ ಓದಿದಳು. ಅಂಟಿಸಿದ ರಸೀದಿಗಳನ್ನು ಪಕ್ಕದಲ್ಲಿಟ್ಟು ಬೆರಳಿನಿಂದ ಹೊಂದಿಸಿ ನೋಡಿದಳು. ಎರಡನೇ ಲಾಡ್ಜಿನ ರಸೀದಿಗೆ ಬಂದಾಗ ಬೆರಳು ಅಲ್ಲೇ ನಿಂತಿತು. ಆಮೇಲೆ ಹಾಳೆ ಹಿಡಿದು, ನನ್ನನ್ನೂ ಕರೆದುಕೊಂಡು ಸಾಹೇಬರ ಕೋಣೆಗೆ ನಡೆದಳು. ರಸೀದಿ ನಂಬರು ಕೇಳಿದರೆ ಹೇಳಲು ಇರು ಎಂದು ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡಳು.

ಸಾಹೇಬರು ಕೆಟ್ಟವರಲ್ಲ. ಕುರ್ಚಿ ತೋರಿಸಿದರು, ನೀರು ತರಿಸಿದರು. ಇಷ್ಟು ದಿನ ಹೊಡೆದುಹಾಕುತ್ತಿದ್ದೆ, ಈಗಲೂ ಅದನ್ನೇ ಮಾಡಿದ್ದೇನೆ, ಕಂಪ್ಯೂಟರಿನಲ್ಲಿ ಕೆಂಪು ಪೆನ್ನು ಇಲ್ಲ, ಅಷ್ಟೇ ವ್ಯತ್ಯಾಸ ಎಂದರು.

“ಅದು ಅಷ್ಟೇ ಅಲ್ಲ ಸಾರ್,” ಎಂದಳು ಅಕ್ಕ. “ನೀವು ಗೆರೆ ಎಳೆದಾಗ ನಾನು ಕೇಳಿದ್ದೂ ಕಾಣ್ತಿತ್ತು, ನೀವು ಕೊಡಲ್ಲ ಅಂದಿದ್ದೂ ಕಾಣ್ತಿತ್ತು. ಈಗ ನಾನು ಕೇಳೇ ಇಲ್ಲ ಅನ್ನೋ ಥರ ಇದೆ. ಹೊಡೆದುಹಾಕಿ, ಬೇಡ ಅನ್ನಲ್ಲ. ಅಳಿಸಬೇಡಿ.”

ಸಾಹೇಬರು ಸಹಿ ಹಾಕಮ್ಮಾ, ಉಳಿದದ್ದನ್ನು ಆಮೇಲೆ ನೋಡೋಣ ಎಂದರು.

ಅವಳು ಸಹಿಯ ಮೇಲಿನ ಆ ಅಚ್ಚಾದ ಸಾಲನ್ನು ಜೋರಾಗಿ ಓದಿದಳು. ‘ಪೂರ್ಣ’ ಎಂಬಲ್ಲಿ ಉಗುರಿಟ್ಟಳು. “ಇದು ಪೂರ್ಣ ಅಲ್ಲ. ಇದಕ್ಕೆ ಸಹಿ ಹಾಕಿದ್ರೆ ಸುಳ್ಳು ಹೇಳಿದವಳು ನಾನಾಗ್ತೀನಿ, ನೀವಲ್ಲ. ಯಾಕೆ ಕೊಡಲ್ಲ ಅಂತ ಆ ಸಾಲಿನ ಪಕ್ಕ ಬರೆದು ನೀವು ಸಹಿ ಹಾಕಿ. ಕೆಳಗೆ ನಾನು ಹಾಕ್ತೀನಿ.”

ಕಾರಣ ಬರೆಯಬೇಕು ಎಂದ ಕೂಡಲೇ ಸಾಹೇಬರ ಮುಖದ ಬಣ್ಣ ಬದಲಾದದ್ದು ಬಾಗಿಲಲ್ಲಿದ್ದ ನನಗೂ ಕಾಣಿಸಿತು. ‘ಚಾಲಕನಿಗೆ ಮಲಗಲು ಜಾಗ ಕೊಡುವುದಿಲ್ಲ’ ಎಂಬುದು ಕೆಂಪು ಗೆರೆಯಾಗಿದ್ದಾಗ ಯಾರಿಗೂ ತೊಂದರೆಯಿರಲಿಲ್ಲ. ಅದನ್ನೇ ಅಕ್ಷರದಲ್ಲಿ ಬರೆದು ಕೆಳಗೆ ಹೆಸರು ಹಾಕುವುದು ಬೇರೆ ಮಾತು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಿಯಮ ಹೇಳಿದರು. ಸಹಿ ಇಲ್ಲದ ಹಾಳೆ ಇತ್ಯರ್ಥವಾಗುವುದಿಲ್ಲ. ಇತ್ಯರ್ಥವಾಗದಿದ್ದರೆ ಮುಂಗಡ ಹಾಗೇ ಬಾಕಿ ನಿಲ್ಲುತ್ತದೆ. ಮುಂಗಡ ಬಾಕಿ ಇರುವವರಿಗೆ ಮುಂದಿನ ಪ್ರವಾಸಕ್ಕೆ ಮುಂಗಡವಿಲ್ಲ, ಅಂದರೆ ಪ್ರವಾಸವೇ ಇಲ್ಲ. ತಿಂಗಳ ಕೊನೆಗೆ ಬಾಕಿಯನ್ನು ಪೂರ್ತಿ ಸಂಬಳದಿಂದ ಹಿಡಿಯುತ್ತಾರೆ. ಆ ಒಂದು ಕೋಣೆಯದ್ದಷ್ಟೇ ಅಲ್ಲ, ಡೀಸೆಲ್ಲು, ಟೋಲು, ಅವಳ ಕೋಣೆ, ಎಲ್ಲವೂ.

“ಹಿಡೀರಿ,” ಎಂದಳು. ಹಾಳೆಯನ್ನು ಸಹಿ ಹಾಕದೆ ಮೇಜಿನ ಮೇಲಿಟ್ಟು, ಅದು ಹಾರದಂತೆ ಅವರ ಕತ್ತರಿಯನ್ನೇ ಅದರ ಮೇಲಿಟ್ಟು ಎದ್ದಳು.

 ಹೊರಗೆ ಬಂದ ಮೇಲೆ ಅವಳು, ಹಬೆಯ ಯಂತ್ರಕ್ಕಿಂತ ಇವರ ಕೋಣೆಯಲ್ಲೇ ಒತ್ತಡ ಜಾಸ್ತಿ, ಒಂದು ಸೇಫ್ಟಿ ವಾಲ್ವ್ ಕೂಡ ಇಲ್ಲ ಎಂದು ಗೊಣಗಿದಳು.

ಮುಂದಿನ ದಿನಗಳಲ್ಲಿ ಅವಳನ್ನು ವರ್ಕ್‌ಶಾಪಿನಲ್ಲೇ ಕೂರಿಸಿದರು. ಹಬೆಯ ಒತ್ತಡ ತೋರಿಸುವ ಹಳೆಯ ಮೀಟರುಗಳನ್ನು ಒರೆಸಿ ಪರೀಕ್ಷಿಸುವ ಕೆಲಸ. ಊರೂರು ಓಡಾಡುವವಳಿಗೆ ಅದು ಶಿಕ್ಷೆಯೇ. ಮಾರಾಟದವರು ಬಂದು, ಒಂದು ಸಹಿಗೆ ಇಷ್ಟು ರಂಪವೇ, ನಮ್ಮ ಒಳದಾರಿಯ ಮೇಲೂ ಎಲ್ಲರ ಕಣ್ಣು ಬೀಳುವ ಹಾಗೆ ಮಾಡಿದೆಯಲ್ಲ ಎಂದು ಸಿಡುಕಿದರು. ಗಂಡ ಮಾತ್ರ ಸಂಬಳ ಕಡಿಮೆ ಬರಲಿದೆ ಎಂದು ತಿಳಿದ ದಿನ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ಸಮವಸ್ತ್ರದ ಒಂದು ದೊಡ್ಡ ಆರ್ಡರ್ ಬೇಡ ಅಂದಿದ್ದೆ, ಹೋಗಿ ಒಪ್ಪಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿದನಂತೆ.

ಕೊನೆಗೆ ಡ್ರೈವರಣ್ಣನೇ ಬಂದ. ಸೊಂಟದಲ್ಲಿ ಕೀಲಿ ಗೊಂಚಲು, ಕೈಯಲ್ಲಿ ಧೂಳು ಒರೆಸುವ ಬಟ್ಟೆ. ನಾವಿಬ್ಬರೂ ಉಕ್ಕಿನ ಬೆಂಚಿನ ಮೇಲೆ ಕೂತಿದ್ದೆವು. ಅವನು ಕೂರಲಿಲ್ಲ.

“ಬಿಟ್ಟುಬಿಡು ತಾಯಿ. ನನ್ನಿಂದ ನಿನ್ನ ಮನೆ ಒಲೆಗೆ ನೀರು ಬೀಳೋದು ಬೇಡ. ಇಷ್ಟು ವರ್ಷ ವ್ಯಾನಲ್ಲೇ ಮಲಗಿದ್ದೀನಿ, ಇನ್ನೂ ನಾಲ್ಕು ವರ್ಷ ಮಲಗಿದ್ರೆ ಸವೆದುಹೋಗಲ್ಲ.”

“ನಿಮಗೋಸ್ಕರ ಮಾಡ್ತಿದ್ದೀನಿ ಅಂತ ಯಾರು ಹೇಳಿದ್ದು? ಪಕ್ಕದ ಸೀಟಲ್ಲಿ ಕೂರೋದು ನಾನು. ನನ್ನ ಜೀವಕ್ಕೋಸ್ಕರ ನಿಮಗೆ ನಿದ್ದೆ ಕೊಡಿಸ್ತಿದ್ದೀನಿ. ದೊಡ್ಡಸ್ತಿಕೆ ಬೇಡ ಅಣ್ಣ, ನನ್ನ ಸ್ವಾರ್ಥಕ್ಕೆ ಅಡ್ಡ ಬರಬೇಡಿ.”

ಅವನು ನಗಬೇಕೋ ಅಳಬೇಕೋ ತಿಳಿಯದೆ ಬಟ್ಟೆಯಿಂದ ಬೆಂಚಿನ ತುದಿ ಒರೆಸಿದ. ಒಂದು ಹೆಜ್ಜೆ ಹೋಗಿ ತಿರುಗಿ, ನೀನು ಬರೆಯೋ ಆ ಸಾಲನ್ನ ನಾನೇ ಬರೆದ್ರೆ ನಡೆಯುತ್ತಾ ಎಂದು ಕೇಳಿದ.

ಅಕ್ಕ ನನ್ನ ಮುಖ ನೋಡಿದಳು. ನಾನು ನಿಯಮದ ಪುಸ್ತಕ ಓದಿದ್ದೆ. ಪ್ರವಾಸ ಹೋದ ನೌಕರ ಯಾರೇ ಆಗಲಿ ಖರ್ಚಿನ ಕೋಷ್ಟಕ ಸಲ್ಲಿಸಬಹುದು ಎಂದಿತ್ತು. ಕೊಡುವುದು ಬಿಡುವುದು ಆಮೇಲಿನ ಮಾತು. ಚಾಲಕರ ಭತ್ಯೆ ಸಂಬಳದಲ್ಲೇ ಬರುತ್ತಿದ್ದುದರಿಂದ ಅವರು ಯಾರೂ ಯಾವತ್ತೂ ಸಲ್ಲಿಸಿರಲಿಲ್ಲ, ಅಷ್ಟೇ. ಸಲ್ಲಿಸಬಹುದು ಎಂದೆ.

ಅದೇ ವಾರ ಒಂದು ಆಸ್ಪತ್ರೆಯಿಂದ ಕರೆ ಬಂತು. ಯಂತ್ರದ ಬಾಗಿಲು ಮುಚ್ಚುತ್ತಿಲ್ಲ, ಹಬೆ ಸೋರುತ್ತಿದೆ ಎಂದು. ಅಕ್ಕನನ್ನು ಕಳಿಸುವಂತಿರಲಿಲ್ಲ. ಇನ್ನೊಬ್ಬ ತಂತ್ರಜ್ಞನನ್ನು ಡ್ರೈವರಣ್ಣನ ಜೊತೆ ಕಳಿಸಿದರು. ಹೊರಡುವಾಗ ಅಕ್ಕ ತನ್ನ ಹೆಗಲಿನ ಗ್ಯಾಸ್ಕೆಟ್ ತೆಗೆದು ಆ ತಂತ್ರಜ್ಞನ ಕೊರಳಿಗೆ ಹಾಕಿ, ಮದುಮಗನ ಹಾಗಿದ್ದೀಯ, ಮಡಚಿದರೆ ನಿನ್ನ ಮೂಳೆ ಮಡಚುತ್ತೇನೆ ಎಂದು ಕಳಿಸಿದಳು.

ಮರಳಿ ಬಂದ ದಿನ ಡ್ರೈವರಣ್ಣ ಚಪ್ಪಲಿ ಹೊರಗೆ ಬಿಟ್ಟು ನಮ್ಮ ವಿಭಾಗಕ್ಕೆ ಬಂದ. ಅಲ್ಲಿ ಯಾರೂ ಹಾಗೆ ಬಿಡುವುದಿಲ್ಲ ಎಂದರೂ ಕೇಳಲಿಲ್ಲ. ಜೇಬಿನಿಂದ ಒಂದು ಲಾಡ್ಜಿನ ರಸೀದಿ ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಉಜ್ಜಿ ನನ್ನ ಮುಂದಿಟ್ಟ. ಬಾಡಿಗೆಯನ್ನು ತನ್ನ ಕೈಯಿಂದಲೇ ಕೊಟ್ಟಿದ್ದ. ನಾನು ಕೋಷ್ಟಕ ತೆರೆದೆ. ತಾರೀಖು ಅವನು ಹೇಳಿದ. ಬಾಬ್ತಿಗೆ ಪಟ್ಟಿಯಲ್ಲಿದ್ದ ‘ವಸತಿ’ಯನ್ನೇ ಆರಿಸಿದೆ, ಬೇರೆ ಏನನ್ನು ಆರಿಸಲಿ. ರಸೀದಿ ಸಂಖ್ಯೆ, ಮೊತ್ತ. ಮುಂಗಡ ಸೊನ್ನೆ. ಮುದ್ರಿಸಿ ಕೊಟ್ಟೆ. ಅವನು ಪೆನ್ನನ್ನು ಗಟ್ಟಿಯಾಗಿ ಹಿಡಿದು, ಲೈಸೆನ್ಸಿನ ಮೇಲೆ ಹಾಕುವಂಥದೇ ಪೂರ್ತಿ ಸಹಿ ಹಾಕಿದ. ಹಾಳೆಯ ತುಂಬ ಒಂದೇ ಒಂದು ಸಾಲು.

ಕತ್ತರಿ ಸಾಹೇಬರು ಆ ಹಾಳೆಯನ್ನು ತುಂಬ ಹೊತ್ತು ಹಿಡಿದುಕೊಂಡಿದ್ದರು. ಅಕ್ಕನ ಕೋಷ್ಟಕದಲ್ಲಿ ಒಂದು ಸಾಲು ಅಳಿಸಿದರೆ ಉಳಿದವು ಸರಿದು ಮುಚ್ಚಿಕೊಳ್ಳುತ್ತಿದ್ದವು. ಇದರಲ್ಲಿ ಅಳಿಸಿದರೆ ಏನೂ ಉಳಿಯುವುದಿಲ್ಲ. ಸಾಲಿಲ್ಲದ ಕೋಷ್ಟಕವನ್ನು ಕಂಪ್ಯೂಟರು ಒಪ್ಪುವುದಿಲ್ಲ. ಪೂರ್ತಿ ಅರ್ಜಿಯನ್ನೇ ಮರಳಿಸಬೇಕು. ಮರಳಿಸುವಾಗ ‘ಕಾರಣ’ ಎಂಬ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ. ಅವರು ಟೈಪ್ ಮಾಡಿದರು, ಅಳಿಸಿದರು, ಮತ್ತೆ ಟೈಪ್ ಮಾಡಿದರು. ಕೊನೆಗೆ ‘ಚಾಲಕರಿಗೆ ವಸತಿಯ ಅರ್ಹತೆ ಇಲ್ಲ’ ಎಂದು ಬರೆದು ಕಳಿಸಿದರು. ಅದರ ಕೆಳಗೆ ಅವರ ಹೆಸರು ತಾನಾಗಿಯೇ ಬಿತ್ತು.

ಡ್ರೈವರಣ್ಣ ಆ ಮರಳಿದ ಹಾಳೆಯನ್ನು ವಾಹನಗಳ ಶೆಡ್ಡಿನಲ್ಲಿ ಕೀಲಿ ನೇತುಹಾಕುವ ಹಲಗೆಗೆ ಪಿನ್ ಮಾಡಿದ. ಕೆಳಗೆ ಏನೂ ಬರೆಯಲಿಲ್ಲ. ಬೆಳಿಗ್ಗೆ ಕೀಲಿ ತೆಗೆದುಕೊಳ್ಳಲು ಬಂದ ಚಾಲಕರೆಲ್ಲ ಅದನ್ನು ಓದಿದರು. ಭಾರದ ಯಂತ್ರ ಸಾಗಿಸುವ ಲಾರಿಯವನು, ನನಗೆ ಅರ್ಹತೆ ಇಲ್ಲ ಅಂತ ನನ್ನ ಹೆಂಡತಿ ದಿನಾ ಬಾಯಲ್ಲಿ ಹೇಳ್ತಾಳೆ, ಕಂಪನಿ ಬರೆದೇ ಕೊಡುತ್ತಾ, ನನಗೂ ಒಂದು ಬೇಕು ಎಂದನಂತೆ. ನಗೆಯಾಗಿ ಶುರುವಾದದ್ದು ಪ್ರತಿಜ್ಞೆಯಾಯಿತು. ಮುಂದಿನ ಪ್ರವಾಸಗಳಿಂದ ಬಂದ ಚಾಲಕರು ಒಬ್ಬೊಬ್ಬರೇ ಒಂದು ಸಾಲಿನ ಕೋಷ್ಟಕ ಹಿಡಿದು ನನ್ನ ಕುಂಟು ಮೇಜಿನ ಮುಂದೆ ನಿಂತರು. ನಾನು ಟಿಕ್ ಹಾಕಿದೆ. ರಸೀದಿ ಇತ್ತು, ತಾರೀಖು ಹೊಂದುತ್ತಿತ್ತು, ಮೊತ್ತ ಅಷ್ಟೇ ಇತ್ತು. ಸಾಹೇಬರು ಪ್ರತಿಯೊಂದಕ್ಕೂ ಅದೇ ಕಾರಣವನ್ನು ಮತ್ತೆ ಮತ್ತೆ ಟೈಪ್ ಮಾಡಿದರು.

ತಿಂಗಳ ಕೊನೆಗೆ ಅಕ್ಕನ ಸಂಬಳದಿಂದ ಮುಂಗಡ ಪೂರ್ತಿ ಹಿಡಿದರು. ಸಂಬಳದ ಚೀಟಿಯನ್ನು ಅವಳು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡಳು. ಅವತ್ತು ಯಾರ ಜೊತೆಗೂ ಊಟಕ್ಕೆ ಕೂರಲಿಲ್ಲ. ಒಬ್ಬಳೇ ಮೀಟರು ಒರೆಸುತ್ತಿದ್ದಳು. ಸಹಿ ಹಾಕಿಬಿಡಲೇ ಎಂದು ಒಮ್ಮೆ ಅನ್ನಿಸಿತ್ತು ಎಂದು ಆಮೇಲೆ ನನಗೊಬ್ಬಳಿಗೇ ಹೇಳಿದಳು. ಮೀಟರಿನ ಮುಳ್ಳು ಸೊನ್ನೆಗೆ ಬರಲಿ, ಆಮೇಲೆ ಹೋಗಿ ಹಾಕುತ್ತೇನೆ ಎಂದುಕೊಂಡಳಂತೆ. ಮುಳ್ಳು ಸೊನ್ನೆಗೆ ಬಂತು. ಇನ್ನೊಂದು ಮೀಟರು ಕೈಗೆತ್ತಿಕೊಂಡಳು.

ಅದೇ ಹೊತ್ತಿಗೆ ತಿಂಗಳ ವರದಿ ಮೇಲಿನವರಿಗೆ ಹೋಯಿತು. ಕಂಪ್ಯೂಟರು ಯಾರ ಮುಖವನ್ನೂ ನೋಡುವುದಿಲ್ಲ. ಮರಳಿಸಿದ ಅರ್ಜಿಗಳನ್ನು ಕಾರಣದ ಪ್ರಕಾರ ಗುಂಪು ಮಾಡಿ ತೋರಿಸಿತ್ತು. ಬೇರೆ ಕಾರಣಗಳು ಅಲ್ಲೊಂದು ಇಲ್ಲೊಂದು. ಒಂದು ಕಾರಣ ಮಾತ್ರ ಕೆಳಗಿನಿಂದ ಮೇಲಿನವರೆಗೆ ಸಾಲಾಗಿ ನಿಂತಿತ್ತು. ಮುಖ್ಯ ಆಡಳಿತಾಧಿಕಾರಿಯವರು ಕತ್ತರಿ ಸಾಹೇಬರನ್ನು ಕರೆಸಿದರು. ಬಾಗಿಲು ಮುಚ್ಚಿತ್ತು, ಒಳಗೆ ಏನಾಯಿತೋ ನನಗೆ ಗೊತ್ತಿಲ್ಲ. ಹೊರಗೆ ಬಂದ ಸಾಹೇಬರು ನನ್ನಿಂದ ಅಕ್ಕನ ಹಳೆಯ ಹಾಳೆಗಳ ಕಟ್ಟನ್ನು ಕೇಳಿದರು, ಅವರದೇ ಕೆಂಪು ಗೆರೆಗಳಿದ್ದ ಎಲ್ಲವನ್ನೂ. ಕಟ್ಟನ್ನು ಎತ್ತಿಕೊಂಡು ಮತ್ತೆ ಅದೇ ಬಾಗಿಲಿಗೆ ಹೋದರು. ಚಾಲಕನ ಕೋಣೆಗೆ ಇಷ್ಟು ವರ್ಷ ಎಷ್ಟು ಖರ್ಚಾಗುತ್ತಿತ್ತು ಎಂದು ಒಳಗೆ ಕೇಳಿದ್ದರಂತೆ. ಲೆಕ್ಕ ಬೇರೆಲ್ಲೂ ಇರಲಿಲ್ಲ. ಏರಿಸಿ ಬರೆಸಿದ ಬಿಲ್ಲುಗಳಲ್ಲಿ ಚಾಲಕನ ಕೋಣೆ ಯಾವುದು ಎಂದು ಯಾರಿಂದಲೂ ಬೇರ್ಪಡಿಸಲಾಗುತ್ತಿರಲಿಲ್ಲ.

ಸ್ವಲ್ಪ ದಿನದಲ್ಲಿ ಕೋಷ್ಟಕದ ಪಟ್ಟಿಯಲ್ಲಿ ಹೊಸ ಬಾಬ್ತು ಸೇರಿತು: ‘ಚಾಲಕರ ವಸತಿ’. ರಾತ್ರಿ ತಂಗುವ ಪ್ರವಾಸಕ್ಕೆ ಮಾತ್ರ, ರಸೀದಿ ಕಡ್ಡಾಯ, ತಂತ್ರಜ್ಞರ ಮಿತಿಯ ಅರ್ಧ. ಒಪ್ಪದ ಸಾಲನ್ನು ಅಳಿಸಬಾರದು, ಪಕ್ಕದಲ್ಲಿ ‘ಒಪ್ಪಿದ ಮೊತ್ತ’ ಮತ್ತು ‘ಕಾರಣ’ ಎಂಬ ಎರಡು ಕಾಲಂ ಇರಬೇಕು ಎಂದೂ ಆಯಿತು. ಹಿಂದೆ ಹೊಡೆದುಹಾಕಿದ ಸಾಲುಗಳಿಗೆ ದುಡ್ಡು ಕೊಡುವುದಿಲ್ಲ ಎಂದು ಸುತ್ತೋಲೆಯ ಕೊನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಏರಿಸಿ ಬರೆಸಿದವರಿಗೆ ಅವರವರ ದುಡ್ಡು ಯಾವತ್ತೋ ಬಂದಿತ್ತು. ನಿಜ ಬರೆದವಳಿಗೆ ಬರಲಿಲ್ಲ.

ಅಕ್ಕನ ನಿಂತುಹೋಗಿದ್ದ ಕೋಷ್ಟಕವನ್ನು ಸಾಹೇಬರೇ ಹೊಸ ನಮೂನೆಯಲ್ಲಿ ಮಾಡಿಸಿದರು. ಎರಡನೇ ಕೋಣೆಯ ಸಾಲು ತನ್ನ ಜಾಗದಲ್ಲೇ ಇತ್ತು. ಪಕ್ಕದಲ್ಲಿ ಒಪ್ಪಿದ ಮೊತ್ತ ಸೊನ್ನೆ, ಕಾರಣ ‘ಸುತ್ತೋಲೆಗೆ ಮುಂಚಿನದು’. ಅಕ್ಕನನ್ನು ನನ್ನ ಮೇಜಿನ ಬಳಿಗೆ ಕರೆಸಿ, ಅದನ್ನು ಅವರು ತಾವೇ ತಂದರು. ಇದಕ್ಕಾದರೂ ಹಾಕುತ್ತೀಯಾ ತಾಯಿ ಎಂದು ಕೇಳಿದರು, ಅರ್ಧ ತಮಾಷೆಗೆ, ಅರ್ಧ ದಣಿವಿಗೆ.

ಅವಳು ಪ್ರತಿ ಸಾಲಿಗೂ ರಸೀದಿ ಹೊಂದಿಸಿ ನೋಡಿ, ಸಹಿ ಹಾಕಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕದೆ ಕೇಳಿದಳು: “ಅರ್ಧ ಅಂದ್ರೆ ಏನು ಸಾರ್? ಅಣ್ಣ ನನಗಿಂತ ಎತ್ತರ ಇದ್ದಾನೆ. ಅವನಿಗೆ ಅರ್ಧ ಹಾಸಿಗೆ ಯಾವ ಲೆಕ್ಕ?”

ಸಾಹೇಬರು ಸಹಿಯಾದ ಹಾಳೆ ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಸಂಬಳದಿಂದ ಹಿಡಿದದ್ದು ಮುಂದಿನ ತಿಂಗಳು ಅವಳಿಗೆ ಮರಳಿ ಬಂತು, ಆ ಕೋಣೆಯ ಬಾಡಿಗೆಯೊಂದನ್ನು ಬಿಟ್ಟು.

ಈಗ ಅಕ್ಕ ಮೂಡಣ ಜಿಲ್ಲೆಗಳ ಆಸ್ಪತ್ರೆಗಳ ಹಬೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಾಳೆ. ಅರ್ಧ ತಿಂಗಳು ಡ್ರೈವರಣ್ಣನ ಜೊತೆ ರಸ್ತೆಯಲ್ಲಿರುತ್ತಾಳೆ, ಉಳಿದರ್ಧ ವರ್ಕ್‌ಶಾಪಿನಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಬಾಗಿಲು ಬಿಚ್ಚುವುದನ್ನೂ ಕೂಡಿಸುವುದನ್ನೂ ಕಲಿಸುತ್ತಾಳೆ.